ಮಂಗಳದ ಕೆರೆಮಣ್ಣು: ಕೋಲಾರದಲ್ಲಿ ಜನ ಪದೇ ಪದೇ ಕೇಳುವ ಪ್ರಶ್ನೆಗಳು

ಕೋಲಾರ ಜಿಲ್ಲೆಯಲ್ಲಿ ಬೋರ್‌ವೆಲ್ ಪಾಯಿಂಟ್ ನೋಡುವುದು ನನ್ನ ಕೆಲಸ. ಓದಿದ್ದು ಭೂವಿಜ್ಞಾನ. ಬಿಡುವಿದ್ದಾಗ ಶಾಲೆಗಳಲ್ಲಿ, ಊರಿನ ಗ್ರಂಥಾಲಯಗಳಲ್ಲಿ ಮಂಗಳ ಗ್ರಹದ ಕಲ್ಲುಗಳ ಬಗ್ಗೆ ಮಾತಾಡುತ್ತೇನೆ. ಕೊನೆಯಲ್ಲಿ ಬರುವ ಪ್ರಶ್ನೆಗಳು ಹೆಚ್ಚುಕಡಿಮೆ ಅವೇ. ಅವನ್ನೆಲ್ಲ ಇಲ್ಲಿ ಒಂದು ಕಡೆ ಬರೆದಿಟ್ಟಿದ್ದೇನೆ. ಮಂಗಳದ ಎಲ್ಲ ಜಾಗಗಳ ಕತೆ ಇಲ್ಲಿ ಸಿಗುವುದಿಲ್ಲ. ಹೆಚ್ಚಿನ ಮಾತೆಲ್ಲ ಒಂದೇ ಕಲ್ಲು, ಅದರಲ್ಲಿ ಕೊರೆದ ಎರಡು ತೂತುಗಳ ಸುತ್ತಲೇ ಇದೆ.

### ಮಂಗಳದಲ್ಲಿ ನೀರು ಸಿಕ್ಕಿತಾ, ಇಲ್ವಾ? ಒಂದು ಮಾತಲ್ಲಿ ಹೇಳಿ.

ಇಲ್ಲಿ ಹೇಳುತ್ತಿರುವುದು ಈಗಿನ ನೀರಿನ ವಿಷಯವಲ್ಲ. ಸುಮಾರು 350 ಕೋಟಿ ವರ್ಷಗಳ ಹಿಂದೆ ಅಲ್ಲಿ ಕೆರೆಯಂತೆ ನೀರು ನಿಂತಿತ್ತು ಅನ್ನುವುದಕ್ಕೆ ಕಲ್ಲಿನಲ್ಲಿ ಸಿಕ್ಕ ಗುರುತುಗಳ ವಿಷಯ. ನೀರು ಹೋಗಿದೆ, ಅದು ಕೂಡಿಸಿಟ್ಟ ಕೆಸರು ಕಲ್ಲಾಗಿ ಉಳಿದಿದೆ. ಬತ್ತಿದ ಕೆರೆಯ ಅಂಗಳಕ್ಕೆ ಹೋಗಿ ಗೋಡು ಮಣ್ಣನ್ನು ಕೈಯಲ್ಲಿ ಹಿಡಿದರೆ ಇಲ್ಲಿ ನೀರು ನಿಂತಿತ್ತು ಅಂತ ಯಾರಾದರೂ ಹೇಳುತ್ತಾರೆ, ಅಲ್ವಾ? ರೋವರ್ ಮಾಡಿದ್ದೂ ಅದನ್ನೇ. ಕೈ ಬದಲು ಡ್ರಿಲ್ ಮತ್ತು ಎಕ್ಸ್-ರೇ, ಅಷ್ಟೇ.

### ಯಾವ ರೋವರ್? ಎಲ್ಲಿ ಇಳಿಯಿತು?

ಕ್ಯೂರಿಯಾಸಿಟಿ. ಅಮೆರಿಕದ ನಾಸಾ ಕಳಿಸಿದ್ದು. 2012ರ ಆಗಸ್ಟ್‌ನಲ್ಲಿ ಗೇಲ್ ಎಂಬ ಕುಳಿಯಲ್ಲಿ ಇಳಿಯಿತು. ಕುಳಿಯ ಅಗಲ ಸುಮಾರು 154 ಕಿಲೋಮೀಟರ್. ಕೋಲಾರದಿಂದ ಬೆಂಗಳೂರು ದಾಟಿ ತುಮಕೂರಿನ ಆಚೆಗೂ ಹೋಗುವಷ್ಟು. ನಡುವೆ ಸುಮಾರು 5 ಕಿಲೋಮೀಟರ್ ಎತ್ತರದ ಒಂದು ಬೆಟ್ಟ, ಮೌಂಟ್ ಶಾರ್ಪ್. ಆ ಬೆಟ್ಟದ ಬುಡದಲ್ಲಿ ಜೇಡಿ ಖನಿಜ ಇದೆ ಅಂತ ಮಂಗಳವನ್ನು ಸುತ್ತುವ ನೌಕೆಗಳು ಮೊದಲೇ ತೋರಿಸಿದ್ದವು. ಜೇಡಿ ಆಗಬೇಕಾದರೆ ನೀರು ತಾಗಿರಬೇಕು, ಅದಕ್ಕೇ ಆ ಜಾಗ ಆರಿಸಿದ್ದು.

ತಮಾಷೆ ಏನೆಂದರೆ, ಇಳಿದ ಮೇಲೆ ರೋವರ್ ಮೊದಲು ಬೆಟ್ಟದ ಕಡೆ ಹೋಗಲಿಲ್ಲ. ಬೇರೆ ದಿಕ್ಕಿಗೆ, ಅರ್ಧ ಕಿಲೋಮೀಟರಿನೊಳಗೆ ಇದ್ದ ಒಂದು ತಗ್ಗಿಗೆ ಇಳಿಯಿತು. ಅದಕ್ಕೆ ಯೆಲ್ಲೋನೈಫ್ ಬೇ ಅಂತ ಹೆಸರಿಟ್ಟರು. ಆ ತಗ್ಗಿನಲ್ಲಿ ಜೇಡಿ ಇದೆ ಅಂತ ಮೇಲಿನಿಂದ ಕಂಡಿರಲಿಲ್ಲ. ಧೂಳು ಮುಚ್ಚಿದ ನೆಲದ ಒಳಗೆ ಏನಿದೆ ಅನ್ನುವುದು ಕಕ್ಷೆಯಿಂದ ಕಾಣುವುದಿಲ್ಲ. ಕೆಳಗಿಳಿದು ಕೊರೆದು ನೋಡಿದರೇ ಗೊತ್ತಾಗುವುದು. ಈ ಮಾತು ನನ್ನ ಕಸುಬಿನವರಿಗೆ ಹೊಸದಲ್ಲ.

### ಪದರ ಪದರವಾಗಿ ಕಲ್ಲಿದ್ದರೆ ನೀರಿತ್ತು ಅಂತಲೇ ಅರ್ಥ ಅಲ್ವಾ? ಪಠ್ಯಪುಸ್ತಕದಲ್ಲಿ ಜಲಜ ಶಿಲೆ ಅಂತಲೇ ಇದೆಯಲ್ಲ.

ಹೈಸ್ಕೂಲ್ ಹುಡುಗಿಯೊಬ್ಬಳು ಕೇಳಿದ ಪ್ರಶ್ನೆ ಇದು. ಒಳ್ಳೆಯ ಪ್ರಶ್ನೆ. ನಮ್ಮ ಕನ್ನಡ ಪದವೇ ಇಲ್ಲಿ ಸ್ವಲ್ಪ ದಾರಿ ತಪ್ಪಿಸುತ್ತದೆ. ಜಲಜ ಅಂದರೆ ನೀರಿನಲ್ಲಿ ಹುಟ್ಟಿದ್ದು. ಆದರೆ ಗಾಳಿ ತಂದು ಗುಡ್ಡೆ ಹಾಕಿದ ಮರಳೂ ಪದರ ಪದರವಾಗಿಯೇ ಕೂರುತ್ತದೆ, ಕಲ್ಲಾಗುತ್ತದೆ. ಗೇಲ್ ಕುಳಿಯಲ್ಲೇ ಸ್ಟಿಮ್ಸನ್ ಎಂಬ ಮರಳುಗಲ್ಲಿನ ಪದರ ಇದೆ. ಅದು ಗಾಳಿ ಕಟ್ಟಿದ ಮರಳು ದಿಬ್ಬಗಳದ್ದು. ಅದಕ್ಕೇ ನಾನು ಕಣಶಿಲೆ ಅನ್ನುವ ಪದವನ್ನೇ ಇಷ್ಟಪಡುತ್ತೇನೆ. ಕಣಗಳು ಕೂಡಿ ಆದ ಕಲ್ಲು. ಯಾರು ತಂದರು ಅನ್ನುವುದನ್ನು ಕಣದ ಗಾತ್ರ, ಆಕಾರ, ಪದರದ ಬಾಗು ನೋಡಿ ಹೇಳಬೇಕು.

### ಹಾಗಾದರೆ ಗಾಳಿಯಲ್ಲ, ನೀರೇ ಅಂತ ಹೇಗೆ ಗೊತ್ತಾಯಿತು?

ಮೊದಲು ಗೊತ್ತಾಗಿದ್ದು ಉರುಟು ಕಲ್ಲುಗಳಿಂದ. 2012ರ ಸೆಪ್ಟೆಂಬರ್‌ನಲ್ಲಿ, ಇಳಿದ ಜಾಗದ ಹತ್ತಿರವೇ, ಮುರಿದ ಕಾಂಕ್ರೀಟ್ ಚಪ್ಪಡಿಯಂತೆ ಕಾಣುವ ಬಂಡೆ ಸಿಕ್ಕಿತು. ಒಂದಕ್ಕೆ ಹೊಟ್ಟಾ, ಇನ್ನೊಂದಕ್ಕೆ ಲಿಂಕ್ ಅಂತ ಹೆಸರು. ಒಳಗೆ ಮರಳಿನ ಜೊತೆ ಕಚ್ಚಿಕೊಂಡಿದ್ದ ಉರುಟು ಕಲ್ಲುಗಳು. ಕೆಲವು ಕಡಲೆಕಾಳಿನಷ್ಟು, ಕೆಲವು 4 ಸೆಂಟಿಮೀಟರ್‌ವರೆಗೆ.

ಮಂಗಳದ ಗಾಳಿ ತುಂಬ ತೆಳು. ಅಷ್ಟು ದೊಡ್ಡ ಕಲ್ಲನ್ನು ಎತ್ತಿ ಉರುಳಿಸಿ ಮೂಲೆ ಸವೆಸುವ ಶಕ್ತಿ ಅದಕ್ಕಿಲ್ಲ. ಹರಿಯುವ ನೀರಿಗೆ ಇದೆ. ಕಲ್ಲಿನ ಗಾತ್ರ ಗೊತ್ತಾದರೆ ಅದನ್ನು ಉರುಳಿಸಲು ಎಷ್ಟು ಆಳದ ನೀರು ಬೇಕು ಅಂತ ಲೆಕ್ಕ ಹಾಕಬಹುದು. ಲೆಕ್ಕಕ್ಕೆ ಬಂದ ಉತ್ತರ: ಪಾದ ಮುಳುಗುವಷ್ಟರಿಂದ ಸೊಂಟದವರೆಗೆ. ವೇಗ, ನಾವು ನಿಧಾನವಾಗಿ ನಡೆಯುವಷ್ಟು. ಮಳೆಗಾಲದಲ್ಲಿ ತುಂಬಿ ಹರಿಯುವ ನಮ್ಮ ರಾಜಕಾಲುವೆಯ ಹಾಗೆ ಅಂದುಕೊಳ್ಳಿ.

ಅಲ್ಲಿಂದ ತಗ್ಗಿಗೆ ಇಳಿದಂತೆ ಕಣ ಸಣ್ಣದಾಗುತ್ತಾ ಹೋಯಿತು. ತಗ್ಗಿನ ತಳದಲ್ಲಿ ಸಿಕ್ಕಿದ್ದೇ ನಮ್ಮ ಮುಖ್ಯ ಕಲ್ಲು. ಹೆಸರು ಶೀಪ್‌ಬೆಡ್. ಕೆಸರು ಗಟ್ಟಿಯಾಗಿ ಆದ ಕಲ್ಲು, ಮಡ್‌ಸ್ಟೋನ್ ಅನ್ನುತ್ತಾರೆ. ಕಣಗಳು ಎಷ್ಟು ನುಣುಪು ಅಂದರೆ ರೋವರ್ ಕೈಯಲ್ಲಿದ್ದ ಹತ್ತಿರದ ಕ್ಯಾಮೆರಾಗೂ ಹೆಚ್ಚಿನವು ಬಿಡಿಬಿಡಿಯಾಗಿ ಕಾಣಲಿಲ್ಲ. ಒಂದು ಮಿಲಿಮೀಟರಿನ ಹದಿನಾರನೇ ಒಂದು ಪಾಲಿಗಿಂತಲೂ ಚಿಕ್ಕವು.

### ನುಣುಪಾದ ಕಣ ಇದ್ದರೆ ಏನಂತೆ?

ಮನೆಯಲ್ಲೇ ನೋಡಬಹುದು. ಒಂದು ಗಾಜಿನ ಬಾಟಲಿಗೆ ಕೆರೆ ಮಣ್ಣು ಒಂದು ಹಿಡಿ ಹಾಕಿ, ನೀರು ತುಂಬಿ, ಚೆನ್ನಾಗಿ ಕಲಕಿ ಇಡಿ. ಮರಳು ಕಣ್ಣೆದುರೇ ತಳಕ್ಕೆ ಕೂರುತ್ತದೆ. ಅದಕ್ಕಿಂತ ಸಣ್ಣ ಮಣ್ಣಿಗೆ ಗಂಟೆಗಳು ಬೇಕು. ಜೇಡಿ ಮಾತ್ರ ಮಾರನೇ ದಿನವೂ ನೀರನ್ನು ಬಗ್ಗಡವಾಗಿಯೇ ಇಟ್ಟಿರುತ್ತದೆ. ಒಂದು ಮಿಲಿಮೀಟರಿನ ಐನೂರನೇ ಒಂದು ಪಾಲಿನಷ್ಟಿರುವ ಜೇಡಿ ಕಣ ಭೂಮಿಯ ಮೇಲೆ ಒಂದು ಮೀಟರ್ ನೀರಿನಲ್ಲಿ ಕೆಳಗೆ ಮುಟ್ಟಲು ಸುಮಾರು 3 ದಿನ ಹಿಡಿಯುತ್ತದೆ. ಮಂಗಳದಲ್ಲಿ ಗುರುತ್ವ ನಮ್ಮದರ ಶೇಕಡ 38ರಷ್ಟೇ ಇರುವುದರಿಂದ ಅಲ್ಲಿ ಇನ್ನೂ ನಿಧಾನ.

ಹರಿಯುವ ನೀರಿನಲ್ಲಿ ಅಂಥ ಕಣ ಕೂರುವುದೇ ಕಷ್ಟ. ಮೀಟರುಗಟ್ಟಲೆ ಅಗಲಕ್ಕೆ, ಒಂದೇ ಸಮನಾಗಿ, ಒಂದೂವರೆ ಮೀಟರ್ ದಪ್ಪ ನುಣುಪು ಕೆಸರು ಕೂತಿದೆ ಅಂದರೆ ಅಲ್ಲಿ ನೀರು ಅಲುಗಾಡದೆ ನಿಂತಿತ್ತು. ಕಾಲುವೆ ಬಂದು ಕೆರೆ ಸೇರುವ ಬಾಯಲ್ಲಿ ಮರಳು ಬೀಳುತ್ತದೆ, ಏರಿ ಹತ್ತಿರ ಬಂದಂತೆ ಗೋಡು ಕೂರುತ್ತದೆ. ಹೂಳೆತ್ತುವಾಗ ನೋಡಿದವರಿಗೆ ಇದು ಗೊತ್ತು. ಗೇಲ್‌ನಲ್ಲಿ ಸಿಕ್ಕ ಸಾಲು ಅದೇ: ಉರುಟು ಕಲ್ಲು, ಮರಳು, ಕೆಸರು.

### ಕೊರೆದದ್ದು ಹೇಗೆ? ನಮ್ಮ ಬೋರ್ ಗಾಡಿ ತರಹವೇ?

ತತ್ವ ಒಂದೇ. ತಿರುಗುತ್ತಾ ಬಡಿಯುವುದು. ನಮ್ಮ ಗಾಡಿಯ ಬಿಟ್ಟು ಕಲ್ಲಿನ ಮೇಲೆ ಹಾಗೇ ಕೆಲಸ ಮಾಡುತ್ತದೆ. ಆದರೆ ನಾವು ಇಲ್ಲಿ ಸಾವಿರ ಅಡಿ ದಾಟುತ್ತೇವೆ, ಅದು ಹೋಗಿದ್ದು 6.4 ಸೆಂಟಿಮೀಟರ್. ತೂತಿನ ಅಗಲ 1.6 ಸೆಂಟಿಮೀಟರ್. ಕಿರುಬೆರಳು ಹೋಗುವಷ್ಟು.

ಮೊದಲು ಕಲ್ಲು ಅಲುಗಾಡುತ್ತದಾ ಅಂತ ಒತ್ತಿ ನೋಡಿದರು. ಆಮೇಲೆ ಪಕ್ಕದಲ್ಲಿ ಒಂದು ಚಿಕ್ಕ ಪರೀಕ್ಷೆಯ ತೂತು. ಪುಡಿ ಒಣಗಿದೆಯಾ, ಅಂಟುತ್ತದೆಯಾ ಅಂತ ನೋಡುವುದಕ್ಕೆ. ಪುಡಿ ಅಂಟಿ ಡ್ರಿಲ್ ಕಟ್ಟಿಕೊಂಡರೆ ಬಿಡಿಸಲು ಅಲ್ಲಿ ಯಾರಿದ್ದಾರೆ? 2013ರ ಫೆಬ್ರುವರಿ 8ರಂದು ಪೂರ್ತಿ ತೂತು ಕೊರೆದರು. ಬೇರೊಂದು ಗ್ರಹದ ಬಂಡೆಯೊಳಗೆ ರೋವರ್ ಹೀಗೆ ಕೊರೆದು ಪುಡಿ ತೆಗೆದದ್ದು ಅದೇ ಮೊದಲು. ಆ ಜಾಗಕ್ಕೆ ಜಾನ್ ಕ್ಲೈನ್ ಅಂತ ಹೆಸರು. ಈ ಯೋಜನೆಯಲ್ಲಿ ದುಡಿದು 2011ರಲ್ಲಿ ತೀರಿಕೊಂಡವರ ನೆನಪಿಗೆ. ಮೇ ತಿಂಗಳಲ್ಲಿ ಸುಮಾರು ಮೂರು ಮೀಟರ್ ಪಕ್ಕಕ್ಕೆ ಎರಡನೇ ತೂತು, ಕಂಬರ್ಲ್ಯಾಂಡ್.

ಹೊರಗೆ ಬಂದ ಪುಡಿಯ ಬಣ್ಣ ಬೂದು! ಮೇಲೆ ಕೆಂಪು ಧೂಳು, ಒಳಗೆ ಬೂದು ಕಲ್ಲು. ಕೋಲಾರದಲ್ಲಿ ಬೋರ್ ಹಾಕಿಸಿದ ಯಾರನ್ನು ಬೇಕಾದರೂ ಕೇಳಿ, ಮೊದಲು ಕೆಂಪು ಮಣ್ಣು ಬರುತ್ತದೆ, ಆಮೇಲೆ ಗಾಡಿ ಬೂದು ಹಿಟ್ಟು ಊದುತ್ತದೆ. ನಮ್ಮಲ್ಲಿ ಬೂದು ಹಿಟ್ಟು ಕಂಡರೆ ರೈತನ ಮುಖ ಬಾಡುತ್ತದೆ. ಅಲ್ಲಿ ಅದನ್ನು ಕಂಡು ವಿಜ್ಞಾನಿಗಳು ಖುಷಿಪಟ್ಟರು. ಕೆಂಪು ಅಂದರೆ ಕಬ್ಬಿಣ ಪೂರ್ತಿ ತುಕ್ಕು ಹಿಡಿದಿದೆ ಅಂತ. ಬೂದು ಅಂದರೆ ಒಳಗಿನ ಕಬ್ಬಿಣ ಅಷ್ಟು ತುಕ್ಕಾಗಿಲ್ಲ, ಹಳೆಯ ಕೆರೆಯ ರಸಾಯನ ಇನ್ನೂ ಅಳಿಸಿಹೋಗಿಲ್ಲ.

### ಪುಡಿಯಲ್ಲಿ ಜೇಡಿ ಇದೆ ಅಂತ ಯಂತ್ರಕ್ಕೆ ಹೇಗೆ ಗೊತ್ತಾಗುತ್ತದೆ?

ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗೋಣ. ಇಡೀ ವಾದ ನಿಂತಿರುವುದು ಇದರ ಮೇಲೆ.

ಪುಡಿಯನ್ನು ಮೊದಲು ಜರಡಿ ಹಿಡಿಯುತ್ತಾರೆ. ಒಂದು ಚಿಟಿಕೆಗಿಂತ ಕಡಿಮೆ ಪುಡಿ ರೋವರ್ ಹೊಟ್ಟೆಯಲ್ಲಿರುವ ಕೆಮಿನ್ ಎಂಬ ಉಪಕರಣಕ್ಕೆ ಬೀಳುತ್ತದೆ. ಅಲ್ಲಿ ಎರಡು ತೆಳು ಪ್ಲಾಸ್ಟಿಕ್ ಹಾಳೆಗಳ ನಡುವೆ ಅಂಗಿಯ ಗುಂಡಿಯಷ್ಟು ಅಗಲದ ಒಂದು ಕೋಣೆ. ಆ ಕೋಣೆಯನ್ನು ನಡುಗಿಸುತ್ತಾ ಇರುತ್ತಾರೆ, ಎಲ್ಲ ಕಣಗಳೂ ಎಲ್ಲ ದಿಕ್ಕಿಗೂ ತಿರುಗಲಿ ಅಂತ. ಒಂದು ಕಡೆಯಿಂದ ಸಣ್ಣ ಎಳೆಯಂಥ ಎಕ್ಸ್-ರೇ ಬಿಡುತ್ತಾರೆ. ಹರಳಿನೊಳಗೆ ಪರಮಾಣುಗಳು ಸಾಲು ಸಾಲಾಗಿ ಇರುತ್ತವೆ. ಸಾಲುಗಳ ನಡುವಿನ ಅಂತರಕ್ಕೆ ತಕ್ಕಂತೆ ಎಕ್ಸ್-ರೇ ಒಂದು ನಿರ್ದಿಷ್ಟ ಕೋನಕ್ಕೆ ಬಾಗುತ್ತದೆ. ಆಚೆ ಬದಿಯ ಕ್ಯಾಮೆರಾದಲ್ಲಿ ಉಂಗುರಗಳು ಮೂಡುತ್ತವೆ. ಅಂತರ ಕಡಿಮೆ ಇದ್ದರೆ ಉಂಗುರ ದೊಡ್ಡದು, ಜಾಸ್ತಿ ಇದ್ದರೆ ಚಿಕ್ಕದು. ಉಂಗುರ ಸ್ಪಷ್ಟವಾಗಿ ಮೂಡಲು ರಾತ್ರಿಗಟ್ಟಲೆ ಕಾಯಬೇಕು.

ಜೇಡಿ ಖನಿಜಗಳು ಪುಸ್ತಕದ ಹಾಳೆಗಳಂತೆ ಒಂದರ ಮೇಲೊಂದು ಇರುತ್ತವೆ. ಹಾಳೆ ಹಾಳೆಯ ನಡುವಿನ ಅಂತರ ಬೇರೆ ಸಾಮಾನ್ಯ ಖನಿಜಗಳಿಗಿಂತ ಜಾಸ್ತಿ. ಅದಕ್ಕೇ ಜೇಡಿ ಇದ್ದರೆ ಮಧ್ಯದ ಹತ್ತಿರ ದಪ್ಪ ಗೆರೆಯ ಒಂದು ಮಸುಕು ಚಿಕ್ಕ ಉಂಗುರ ಕಾಣುತ್ತದೆ. ಜಾನ್ ಕ್ಲೈನ್ ಪುಡಿಯಲ್ಲಿ ಅದು ಕಂಡಿತು. ತೂಕದಲ್ಲಿ ಸುಮಾರು ಐದನೇ ಒಂದು ಪಾಲು ಸ್ಮೆಕ್ಟೈಟ್ ಗುಂಪಿನ ಜೇಡಿ. ನಮ್ಮ ಉತ್ತರ ಕರ್ನಾಟಕದ ಎರೆಮಣ್ಣು ಮಳೆಗೆ ಉಬ್ಬಿ ಬೇಸಿಗೆಗೆ ಬಿರಿಯುತ್ತದಲ್ಲ, ಅದರೊಳಗಿರುವ ಗುಂಪೂ ಇದೇ.

ಒಂದೇ ಯಂತ್ರದ ಮಾತು ನಂಬುವುದು ಬೇಡ ಅನ್ನುವವರಿಗೆ ಇನ್ನೊಂದು ಸಾಕ್ಷಿ ಇದೆ. ಸ್ಯಾಮ್ ಎಂಬ ಇನ್ನೊಂದು ಉಪಕರಣ ಅದೇ ಪುಡಿಯನ್ನು ಒಲೆಯಲ್ಲಿ ಕಾಯಿಸುತ್ತದೆ. ಸುಮ್ನೆ ಅಂಟಿಕೊಂಡ ತೇವ ಬೇಗ ಹೋಗುತ್ತದೆ. ಆದರೆ ಸುಮಾರು 750 ಡಿಗ್ರಿಯಲ್ಲಿ ಮತ್ತೆ ನೀರಿನ ಆವಿ ಬಂತು. ಅದು ಹರಳಿನ ಕಟ್ಟಡದೊಳಗೇ ಸೇರಿಕೊಂಡಿದ್ದ ನೀರಿನ ಅಂಶ. ಮೆಗ್ನೀಸಿಯಂ ಜಾಸ್ತಿ ಇರುವ ಸಪೋನೈಟ್ ಜಾತಿಯ ಜೇಡಿ ಅಷ್ಟು ಬಿಸಿಗೆ ಮುರಿಯುತ್ತದೆ. ಕಬ್ಬಿಣದ ನಾಂಟ್ರೊನೈಟ್ ಆಗಿದ್ದರೆ ಅದಕ್ಕಿಂತ ತುಂಬ ಮೊದಲೇ ಬಿಡುತ್ತಿತ್ತು.

### ಜೇಡಿ ಎಲ್ಲೋ ಬೇರೆ ಕಡೆ ಹುಟ್ಟಿ ಇಲ್ಲಿಗೆ ಹರಿದು ಬಂದಿರಬಹುದಲ್ಲ?

ಈ ಪ್ರಶ್ನೆ ಕೇಳಿದವರು ಮಾಲೂರಿನ ಕಡೆ ಇಟ್ಟಿಗೆ ಗೂಡು ನಡೆಸುವ ಹಿರಿಯರೊಬ್ಬರು. "ಕೆರೆಯಲ್ಲಿ ಜೇಡಿ ಹುಟ್ಟಲ್ಲ ಸ್ವಾಮಿ, ಬೆಟ್ಟದ ಕಲ್ಲು ಕೊಳೆತು ಹುಟ್ಟುತ್ತೆ, ಮಳೆ ಕೆರೆಗೆ ತರುತ್ತೆ" ಅಂದರು. ನಮ್ಮ ಊರಿನ ಮಟ್ಟಿಗೆ ಅವರ ಮಾತು ಸರಿ. ಮಂಗಳಕ್ಕೂ ಹಾಗೇ ಆಗಿದ್ದರೆ ಜೇಡಿ ಕೆರೆಯ ನೀರಿನ ಬಗ್ಗೆ ಏನನ್ನೂ ಹೇಳುತ್ತಿರಲಿಲ್ಲ. ಬೇರೆ ಎಲ್ಲೋ ನೀರು ತಾಗಿದ್ದನ್ನು ಮಾತ್ರ ಹೇಳುತ್ತಿತ್ತು. ಹಾಗಾಗಿ ವಿಜ್ಞಾನಿಗಳೂ ಇದನ್ನೇ ಮೊದಲು ಕೇಳಿಕೊಂಡರು.

ಉತ್ತರ ಸಿಕ್ಕಿದ್ದು ಆಲಿವೀನ್ ಎಂಬ ಖನಿಜದಿಂದ. ಮಂಗಳದ ಕಪ್ಪು ಬಸಾಲ್ಟ್ ಕಲ್ಲಿನಲ್ಲಿ ಇದು ಧಾರಾಳವಾಗಿ ಇರುತ್ತದೆ. ನೀರು ತಾಗಿದರೆ ಬೇಗ ಕರಗಿ ಬದಲಾಗುತ್ತದೆ. ಹತ್ತಿರದಲ್ಲೇ ರಾಕ್‌ನೆಸ್ಟ್ ಎಂಬ ಜಾಗದಲ್ಲಿ ಗಾಳಿ ತಂದ ಮರಳನ್ನು ಕೆಮಿನ್ ಮೊದಲೇ ಅಳೆದಿತ್ತು. ಅದರಲ್ಲಿ ಆಲಿವೀನ್ ಬೇಕಾದಷ್ಟಿತ್ತು, ಜೇಡಿ ಕಾಣಲಿಲ್ಲ. ಕೆಸರುಗಲ್ಲಿನಲ್ಲಿ ತಿರುಗುಮುರುಗು: ಆಲಿವೀನ್ ತೀರಾ ಕಡಿಮೆ, ಜೇಡಿ ಜಾಸ್ತಿ. ಜೊತೆಗೆ ಮ್ಯಾಗ್ನೆಟೈಟ್ ಎಂಬ ಕಬ್ಬಿಣದ ಖನಿಜವೂ ಜಾಸ್ತಿ. ಆಲಿವೀನ್‌ನಲ್ಲಿರುವ ಮೆಗ್ನೀಸಿಯಂ, ಸಿಲಿಕಾ ಸಪೋನೈಟ್‌ಗೆ ಹೋಯಿತು, ಉಳಿದ ಕಬ್ಬಿಣ ಮ್ಯಾಗ್ನೆಟೈಟ್ ಆಯಿತು ಅಂದರೆ ಲೆಕ್ಕ ಕೂಡುತ್ತದೆ.

ಎರಡನೇ ಸುಳಿವು ಇನ್ನೂ ಗಟ್ಟಿ. ಕಲ್ಲಿನ ಒಟ್ಟು ರಾಸಾಯನಿಕ ಲೆಕ್ಕ ಸಾಮಾನ್ಯ ಮಂಗಳದ ಬಸಾಲ್ಟ್‌ನದ್ದೇ ಹೆಚ್ಚುಕಡಿಮೆ. ನಮ್ಮ ಬೆಟ್ಟದ ಕಲ್ಲು ಮಳೆಗೆ ಕೊಳೆತರೆ ಸೋಡಿಯಂ, ಕ್ಯಾಲ್ಸಿಯಂ ತೊಳೆದುಹೋಗುತ್ತವೆ. ಉಳಿದ ಮಣ್ಣು ಮೂಲ ಕಲ್ಲಿನಂತೆ ಇರುವುದಿಲ್ಲ. ಶೀಪ್‌ಬೆಡ್‌ನಲ್ಲಿ ಹಾಗೆ ತೊಳೆದುಹೋದ ಗುರುತು ಇಲ್ಲ. ಬಸಾಲ್ಟ್ ಹುಡಿ ಬಂದು ಕೂತಿತು, ಆಮೇಲೆ ಕೂತ ಜಾಗದಲ್ಲೇ ನೀರಿನೊಡನೆ ಸೇರಿ ಒಂದು ಪಾಲು ಜೇಡಿಯಾಯಿತು. ಮುದ್ದೆ ಬೇಯುವುದು ಪಾತ್ರೆಯೊಳಗೇ. ಹಿಟ್ಟು ಹೊರಗಿಂದ ಬಂತು, ಮುದ್ದೆ ಹೊರಗಿಂದ ಬರಲಿಲ್ಲ.

ಇದೆಲ್ಲ ಹೇಳಿದ ಮೇಲೆ ಆ ಹಿರಿಯರು ಸ್ವಲ್ಪ ಯೋಚಿಸಿ, "ಹಾಗಾದ್ರೆ ಅದು ಹೆಂಚಿಗೆ ಆಗಲ್ಲ" ಅಂದರು. ಸರಿಯಾಗಿಯೇ ಹಿಡಿದರು. ಸ್ಮೆಕ್ಟೈಟ್ ಜಾಸ್ತಿ ಇರುವ ಮಣ್ಣು ಒಣಗುವಾಗ ವಿಪರೀತ ಕುಗ್ಗಿ ಬಿರಿಯುತ್ತದೆ.

### ನೀರು ಯಾವ ತರಹದ್ದು? ಕುಡಿಯುವಂಥದ್ದಾ?

ನನ್ನ ಮಟ್ಟಿಗೆ ನಿಜವಾದ ಸುದ್ದಿ ಇದೇ. ನೀರಿತ್ತು ಅಂತ 2004ರಲ್ಲೇ ಆಪರ್ಚುನಿಟಿ ರೋವರ್ ಮಂಗಳದ ಇನ್ನೊಂದು ಬದಿಯಲ್ಲಿ ತೋರಿಸಿತ್ತು. ಆದರೆ ಅಲ್ಲಿ ಸಿಕ್ಕ ಜರೋಸೈಟ್ ಎಂಬ ಖನಿಜ ತುಂಬ ಹುಳಿ ನೀರಿನಲ್ಲಿ ಮಾತ್ರ ಆಗುವಂಥದ್ದು. ಉಪ್ಪೂ ವಿಪರೀತ.

ಶೀಪ್‌ಬೆಡ್‌ನ ಜೇಡಿ ಹುಳಿ ನೀರಿನಲ್ಲಿ ಆಗುವುದಿಲ್ಲ. ಹುಳಿಯೂ ಅಲ್ಲದ, ತೀರಾ ಸವಳೂ ಅಲ್ಲದ ನೀರು ಬೇಕು. ಜೊತೆಗೆ ಆ ಕಲ್ಲಿನ ಮೂಲ ಕೆಸರಿನಲ್ಲಿ ಉಪ್ಪಿನ ಪದರಗಳು ಕಾಣಲಿಲ್ಲ. 2013ರ ಮಾರ್ಚ್‌ನಲ್ಲಿ ಯೋಜನೆಯ ಮುಖ್ಯ ವಿಜ್ಞಾನಿ ಜಾನ್ ಗ್ರೋಟ್ಜಿಂಗರ್, ನೀವು ಅಲ್ಲಿದ್ದಿದ್ದರೆ ಆ ನೀರನ್ನು ಕುಡಿಯಬಹುದಿತ್ತು ಅನ್ನುವ ಅರ್ಥದಲ್ಲಿ ಹೇಳಿದ್ದರು. ಫ್ಲೋರೈಡ್ ನೀರಿನ ಜಿಲ್ಲೆಯಲ್ಲಿ ಕೂತು ಇದನ್ನು ಓದಿದಾಗ ನನಗೆ ಸ್ವಲ್ಪ ಹೊಟ್ಟೆಕಿಚ್ಚಾಯಿತು.

### ಫೋಟೋದಲ್ಲಿ ಬಿಳಿ ಗೆರೆಗಳಿವೆಯಲ್ಲ, ಅದು ಉಪ್ಪಲ್ವಾ?

ಉಪ್ಪೇ, ಆದರೆ ಆ ಕೆರೆಯದ್ದಲ್ಲ. ಕ್ಯಾಲ್ಸಿಯಂ ಸಲ್ಫೇಟ್, ಅಂದರೆ ಜಿಪ್ಸಂ ಸಂಸಾರದ್ದು. ಗೆರೆಗಳು ಕಲ್ಲಿನ ಪದರಗಳನ್ನು ಅಡ್ಡಡ್ಡ ಕತ್ತರಿಸಿ ಹೋಗಿವೆ. ಕತ್ತರಿಸಬೇಕಾದರೆ ಕಲ್ಲು ಮೊದಲೇ ಗಟ್ಟಿಯಾಗಿರಬೇಕು, ಬಿರುಕು ಬಿಟ್ಟಿರಬೇಕು. ಹಾಗಾಗಿ ಇದು ಎರಡನೇ ಸುತ್ತಿನ ನೀರು, ನೆಲದೊಳಗಿಂದ ಬಿರುಕುಗಳಲ್ಲಿ ಹರಿದದ್ದು. ಯಾವುದು ಯಾವುದನ್ನು ಕತ್ತರಿಸಿದೆ ಅಂತ ನೋಡಿದರೆ ಯಾವುದು ಮೊದಲು, ಯಾವುದು ಆಮೇಲೆ ಅಂತ ತಿಳಿಯುತ್ತದೆ. ಮನೆ ಗೋಡೆಯ ಬಿರುಕಿಗೆ ಸಿಮೆಂಟು ತುಂಬಿದ್ದರೆ ಗೋಡೆ ಹಳೆಯದು, ಸಿಮೆಂಟು ಹೊಸದು ಅಂತ ಯಾರೂ ವಿವರಿಸಬೇಕಾಗಿಲ್ಲ.

### ಈ ವಾದದಲ್ಲಿ ಎಲ್ಲಿ ಸಡಿಲ ಇದೆ?

ಇದೆ. ಮೊದಲನೆಯದು, ಪುಡಿಯ ಸುಮಾರು ಮೂರನೇ ಒಂದು ಪಾಲು ಹರಳಾಗದೆ ಗಾಜಿನಂತೆ ಇರುವ ವಸ್ತು. ಎಕ್ಸ್-ರೇಗೆ ಅದು ಉಂಗುರ ಕೊಡುವುದಿಲ್ಲ, ಬರೀ ಮಂಜು ಮಂಜಾದ ಒಂದು ಉಬ್ಬು. ಅದರಲ್ಲಿ ಏನೇನಿದೆ ಅಂತ ಉಳಿದದ್ದನ್ನೆಲ್ಲ ಕಳೆದು ಊಹಿಸಬೇಕು. ಹಾಗಾಗಿ ಜೇಡಿಯ ಪ್ರಮಾಣ ಹೇಳುವಾಗ "ಸುಮಾರು" ಅನ್ನುವ ಪದ ಬಿಡುವಂತಿಲ್ಲ.

ಎರಡನೆಯದು, ನಮ್ಮ ಪ್ರಯೋಗಾಲಯದಲ್ಲಿ ಸ್ಮೆಕ್ಟೈಟ್ ಹೌದಾ ಅಂತ ಖಚಿತ ಮಾಡಲು ಪುಡಿಗೆ ಗ್ಲೈಕಾಲ್ ತಾಗಿಸುತ್ತೇವೆ. ಸ್ಮೆಕ್ಟೈಟ್ ಆಗಿದ್ದರೆ ಅದು ಉಬ್ಬಿ ಹಾಳೆಗಳ ಅಂತರ ಹೆಚ್ಚಾಗುತ್ತದೆ. ಕೆಮಿನ್‌ನಲ್ಲಿ ಈ ಪರೀಕ್ಷೆ ಮಾಡಲು ಆಗುವುದಿಲ್ಲ. ಅದಕ್ಕೇ ಸ್ಯಾಮ್‌ನ ಒಲೆಯ ಸಾಕ್ಷಿ ಅಷ್ಟು ಬೇಕಾಗಿದ್ದು.

ಇಲ್ಲಿ ಎರಡನೇ ತೂತು ಒಂದು ಒಗಟು ತಂದಿತು. ಜಾನ್ ಕ್ಲೈನ್‌ನಲ್ಲಿ ಜೇಡಿ ಹಾಳೆಗಳ ಅಂತರ ಸುಮಾರು 10 ಆಂಗ್‌ಸ್ಟ್ರಾಂ. ಒಂದು ಆಂಗ್‌ಸ್ಟ್ರಾಂ ಅಂದರೆ ಒಂದು ಮಿಲಿಮೀಟರಿನ ಕೋಟಿಯಲ್ಲಿ ಒಂದು ಪಾಲು. ಮಂಗಳದ ಒಣ ಹವೆಯಲ್ಲಿ ಹಾಳೆಗಳ ನಡುವಿನ ನೀರು ಹೋಗಿ ಕುಸಿದರೆ ಅಷ್ಟೇ ಇರಬೇಕು. ಮೂರು ಮೀಟರ್ ಪಕ್ಕದ ಕಂಬರ್ಲ್ಯಾಂಡ್‌ನಲ್ಲಿ, ಅದೇ ಕಲ್ಲಿನಲ್ಲಿ, ಸುಮಾರು 13. ರೋವರ್ ಒಳಗಿನ ಒಣ ಹವೆಯಲ್ಲೂ ಅದು ಕುಸಿಯಲಿಲ್ಲ. ಹಾಳೆಗಳ ನಡುವೆ ಮೆಗ್ನೀಸಿಯಂ ಹೈಡ್ರಾಕ್ಸೈಡ್‌ನಂಥದ್ದು ಊರುಗೋಲಾಗಿ ನಿಂತಿದೆ ಅನ್ನುವುದು ಒಂದು ವಿವರಣೆ. ಅಂದರೆ ಆಮೇಲಿನ ನೀರು ಎಲ್ಲ ಕಡೆ ಒಂದೇ ತರಹ ಹರಿದಿಲ್ಲ. ಒಂದೇ ಹೊಲದಲ್ಲಿ ಹತ್ತಡಿ ಅಂತರದಲ್ಲಿ ಎರಡು ಬೋರ್ ಹಾಕಿಸಿ, ಒಂದರಲ್ಲಿ ಎರಡಿಂಚು ನೀರು, ಇನ್ನೊಂದರಲ್ಲಿ ಬರೀ ಧೂಳು ಕಂಡವರಿಗೆ ಇದು ಆಶ್ಚರ್ಯವಲ್ಲ. ಆ ಎರಡನೇ ಪಾಯಿಂಟ್ ತೋರಿಸಿದವನು ನಾನೇ. ಅವರು ಇವತ್ತಿಗೂ ನೆನಪಿಸುತ್ತಾರೆ.

ಮೂರನೆಯದು, ಜೇಡಿ ಒಂದೇ ಇದ್ದರೆ ಸಾಲದು. ಲಾವಾ ತಣಿಯುವಾಗಲೂ, ಉಲ್ಕೆ ಬಿದ್ದು ನೆಲ ಕಾದಾಗಲೂ ಜೇಡಿ ಆಗಬಹುದು. ಶೀಪ್‌ಬೆಡ್ ನಂಬಿಕೆಗೆ ಅರ್ಹ ಅನ್ನಿಸುವುದು ಜೇಡಿ ಮತ್ತು ಕೆಸರಿನ ಪದರ ಎರಡೂ ಒಂದೇ ಕಲ್ಲಿನಲ್ಲಿ ಇರುವುದರಿಂದ.

### ಕೆರೆ ಒಂದು ಸಲ ತುಂಬಿ ಒಣಗಿತಾ, ವರ್ಷ ವರ್ಷ ತುಂಬುತ್ತಿತ್ತಾ?

ಶೀಪ್‌ಬೆಡ್ ಮಾತ್ರ ನೋಡಿದರೆ ಹೇಳುವುದು ಕಷ್ಟ. ಆದರೆ ರೋವರ್ ಆಮೇಲೆ ಬೆಟ್ಟ ಹತ್ತಿತು. ಮೇಲಿನ ಪದರಗಳಲ್ಲಿ ಬೇರೆ ಬೇರೆ ಕಾಲದ ನೀರಿನ ಗುರುತು ಸಿಕ್ಕವು. ನನಗೆ ಅತಿ ಇಷ್ಟವಾದದ್ದು ಪಾಂಟೂರ್ ಎಂಬ ಜಾಗದ ಬಿರುಕುಗಳು. 2021ರಲ್ಲಿ ಕಂಡದ್ದು, ಸಂಶೋಧನೆ ಹೊರಬಂದದ್ದು 2023ರಲ್ಲಿ.

ಮುಂದಿನ ಬೇಸಿಗೆಯಲ್ಲಿ ಕೆರೆ ಅಂಗಳಕ್ಕೆ ಹೋದಾಗ ಬಿರುಕುಗಳು ಸೇರುವ ಜಾಗ ಗಮನಿಸಿ. ಕೆಸರು ಮೊದಲ ಸಲ ಒಣಗಿದಾಗ ಒಂದು ಬಿರುಕು ಮೊದಲು ಬರುತ್ತದೆ, ಇನ್ನೊಂದು ಬಂದು ಅದಕ್ಕೆ ನೇರವಾಗಿ ಢಿಕ್ಕಿ ಹೊಡೆದು ನಿಲ್ಲುತ್ತದೆ. ರಸ್ತೆಗೆ ಅಡ್ಡರಸ್ತೆ ಸೇರುವ ಹಾಗೆ, ಮೂಲೆಮಟ್ಟವಾಗಿ. ಅದೇ ಕೆಸರು ಮತ್ತೆ ನೆನೆದು ಮತ್ತೆ ಒಣಗಿ, ಹೀಗೆ ಸಲ ಸಲ ಆದರೆ ಆ ಮೂಲೆಗಳು ಮೆಲ್ಲಗೆ ತಿರುಚಿಕೊಂಡು ಮೂರು ಕಡೆಗೂ ಸಮನಾದ ಕವಲಾಗುತ್ತವೆ. ಆಗ ಜೇನುಗೂಡಿನ ಆರು ಮೂಲೆಯ ಆಕಾರ ಬರುತ್ತದೆ. ಪಾಂಟೂರ್‌ನಲ್ಲಿ ಕಂಡದ್ದು ಈ ಎರಡನೇ ಜಾತಿ. ಒಂದೊಂದು ಮನೆ ಸುಮಾರು 4 ಸೆಂಟಿಮೀಟರ್ ಅಗಲ. ಸುತ್ತಲಿನ ಗೆರೆಗಳಲ್ಲಿ ಸಲ್ಫೇಟ್ ಉಪ್ಪು ಕಟ್ಟಿಕೊಂಡಿದೆ. ನೆನೆಯುವುದು, ಒಣಗುವುದು ಅಲ್ಲಿ ಮತ್ತೆ ಮತ್ತೆ ನಡೆದಿತ್ತು. ವರ್ಷಕ್ಕೊಮ್ಮೆಯಾ ಅಂತ ಬಿರುಕು ಹೇಳುವುದಿಲ್ಲ.

ಇನ್ನೂ ಮೇಲೆ, 2022ರಲ್ಲಿ ಕಂಡ ಪದರಗಳಲ್ಲಿ ಅಲೆಯ ಗುರುತು ಇದೆ. ಎರಡೂ ಬದಿ ಸಮ ಇಳಿಜಾರು, 6 ಮಿಲಿಮೀಟರ್ ಎತ್ತರ. ಗಾಳಿ ಬೀಸಿ ನೀರಿನ ಮೇಲೆ ಎಬ್ಬಿಸಿದ ಅಲೆ ತಳದ ಮರಳನ್ನು ಹಿಂದೆ ಮುಂದೆ ಆಡಿಸಿದಾಗ ಹೀಗಾಗುತ್ತದೆ. ಲೆಕ್ಕದ ಪ್ರಕಾರ ನೀರಿನ ಆಳ 2 ಮೀಟರಿಗಿಂತ ಕಡಿಮೆ. ಮೇಲೆ ಹಿಮ ಹೆಪ್ಪುಗಟ್ಟಿದ್ದರೆ ಅಲೆ ಏಳುತ್ತಿರಲಿಲ್ಲ. ಹಾಗಾಗಿ ಆಗ ನೀರು ಬಯಲಿಗೇ ತೆರೆದುಕೊಂಡಿತ್ತು.

### ಆ ಕಲ್ಲಿನ ವಯಸ್ಸು ಹೇಗೆ ಗೊತ್ತು? ನಮ್ಮ ಕೆಜಿಎಫ್ ಕಲ್ಲಿಗಿಂತ ಹಳೆಯದಾ?

ಹಳೆಯದು. ಕೋಲಾರದ ಚಿನ್ನದ ಪಟ್ಟಿಯ ಕಲ್ಲು ಸುಮಾರು 270 ಕೋಟಿ ವರ್ಷದ್ದು. ಕಂಬರ್ಲ್ಯಾಂಡ್ ಪುಡಿಯಲ್ಲಿ ಪೊಟ್ಯಾಸಿಯಂ ಮತ್ತು ಆರ್ಗಾನ್ ಅಳೆದಾಗ ಬಂದದ್ದು 421 ಕೋಟಿ ವರ್ಷ, 35 ಕೋಟಿ ಆಚೀಚೆ. ಇನ್ನೊಂದು ಗ್ರಹದ ಮೇಲೆಯೇ ಕೂತು ಕಲ್ಲಿನ ವಯಸ್ಸು ಹೀಗೆ ಅಳೆದದ್ದು ಅದೇ ಮೊದಲು. ಆದರೆ ಜೋಪಾನ! ಇದು ಕೆರೆಯ ವಯಸ್ಸಲ್ಲ. ಕೆಸರಿನೊಳಗೆ ಬಂದು ಬಿದ್ದ ಬಸಾಲ್ಟ್ ಹುಡಿಯದ್ದು ಮುಖ್ಯವಾಗಿ. ಹೊಸ ಮನೆಗೆ ಹಳೆಯ ಕಲ್ಲು ತಂದು ಕಟ್ಟಿದ ಹಾಗೆ. ಕೆರೆ ಅದಕ್ಕಿಂತ ಈಚಿನದು. ಕುಳಿಯ ನೆಲದ ಮೇಲೆ ಎಷ್ಟು ಉಲ್ಕಾ ಗುಂಡಿಗಳಿವೆ ಅಂತ ಎಣಿಸಿ ಅದರ ಕಾಲವನ್ನು ಅಂದಾಜು ಮಾಡುತ್ತಾರೆ.

### ನೀರೆಲ್ಲ ಎಲ್ಲಿ ಹೋಯಿತು?

ಒಂದಷ್ಟು ಆಕಾಶಕ್ಕೆ, ಒಂದಷ್ಟು ಕಲ್ಲಿನೊಳಕ್ಕೆ. ಆಕಾಶಕ್ಕೆ ಹೋದ ಸುಳಿವು ಅದೇ ಕಂಬರ್ಲ್ಯಾಂಡ್ ಜೇಡಿಯಲ್ಲಿ ಸಿಕ್ಕಿತು. ನೀರಿನಲ್ಲಿರುವ ಹೈಡ್ರೋಜನ್‌ಗೆ ಡ್ಯುಟೀರಿಯಂ ಎಂಬ ಭಾರದ ಅಣ್ಣ ಇದ್ದಾನೆ. ಹಗುರದ್ದು ಬೇಗ ತಪ್ಪಿಸಿಕೊಂಡು ಹೋಗುತ್ತದೆ, ಭಾರದ್ದು ಹಿಂದೆ ಉಳಿಯುತ್ತದೆ. ಜೇಡಿಯೊಳಗಿನ ನೀರಿನಲ್ಲಿ ಡ್ಯುಟೀರಿಯಂ ಪಾಲು ನಮ್ಮ ಸಮುದ್ರದ ನೀರಿಗಿಂತ ಸುಮಾರು 3 ಪಟ್ಟು. ಅಂದರೆ ಜೇಡಿ ಹುಟ್ಟುವ ಹೊತ್ತಿಗೇ ಮಂಗಳ ನೀರು ಕಳೆದುಕೊಳ್ಳಲು ಶುರು ಮಾಡಿತ್ತು. ಈಗಿನ ಮಂಗಳದ ಗಾಳಿಯಲ್ಲಿ ಈ ಪಾಲು ಇನ್ನೂ ಜಾಸ್ತಿ, ಹಾಗಾಗಿ ನಷ್ಟ ಆಮೇಲೂ ನಿಂತಿಲ್ಲ.

### ಜೀವ ಸಿಕ್ಕಿತಾ?

ಇಲ್ಲ. ಜೇಡಿ ಇಂಗಾಲದ ಸಂಯುಕ್ತಗಳನ್ನು ಹಿಡಿದಿಟ್ಟುಕೊಳ್ಳುವುದರಲ್ಲಿ ಗಟ್ಟಿ, ಅದಕ್ಕೇ ಅಲ್ಲಿ ಹುಡುಕಿದ್ದು. ಕಂಬರ್ಲ್ಯಾಂಡ್ ಪುಡಿಯಲ್ಲಿ ಕ್ಲೋರೋಬೆಂಜೀನ್ ಸಿಕ್ಕಿತು. 2025ರಲ್ಲಿ ಪ್ರಕಟವಾದ ಕೆಲಸದಲ್ಲಿ, 10ರಿಂದ 12 ಇಂಗಾಲದ ಪರಮಾಣುಗಳ ಉದ್ದ ಸರಪಳಿಗಳೂ ಸಿಕ್ಕಿವೆ. ಜೀವವಿಲ್ಲದೆಯೂ ಇವು ಆಗಬಹುದು.

### ಒಂದೇ ಕುಳಿ ನೋಡಿ ಇಷ್ಟೆಲ್ಲ ಹೇಳಬಹುದಾ?

ಇಡೀ ಮಂಗಳದ ಬಗ್ಗೆ ಹೇಳುವಂತಿಲ್ಲ. ಪರ್ಸಿವಿಯರೆನ್ಸ್ ರೋವರ್ 2021ರಲ್ಲಿ ಜೆಝೆರೋ ಕುಳಿಯಲ್ಲಿ ಇಳಿಯಿತು. ಅಲ್ಲಿ ಹೊಳೆ ಬಂದು ಕೆರೆ ಸೇರುವ ಕಡೆ ಕಟ್ಟಿದ ಮುಖಜಭೂಮಿ ಕಕ್ಷೆಯಿಂದಲೇ ಚೆನ್ನಾಗಿ ಕಾಣುತ್ತದೆ. ಹಾಗಿದ್ದೂ ರೋವರ್ ಇಳಿದ ನೆಲದಲ್ಲಿ ಮೊದಲು ಸಿಕ್ಕಿದ್ದು ಕೆರೆಯ ಕೆಸರಲ್ಲ, ಅಗ್ನಿಶಿಲೆ. ಕೆರೆ ಕೆಸರು ಸಿಗುತ್ತದೆ ಅಂದುಕೊಂಡಿದ್ದವರು ಮುಖಜಭೂಮಿಯ ಬುಡಕ್ಕೆ ಹೋಗುವವರೆಗೆ ಕಾಯಬೇಕಾಯಿತು.

### ಸಾರ್, ಅಷ್ಟು ದೂರದ ನೀರು ಹೇಳ್ತೀರಿ. ನಮ್ಮ ಹೊಲದಲ್ಲಿ ಎಷ್ಟು ಅಡಿಗೆ ಸಿಗುತ್ತೆ?

ಪ್ರತಿ ಊರಿನಲ್ಲೂ ಕೊನೆಯ ಪ್ರಶ್ನೆ ಇದು, ಎಲ್ಲರೂ ನಗುತ್ತಾರೆ. ನಾನು ಹೇಳುವುದು ಇಷ್ಟೇ: ಮಂಗಳದಲ್ಲಿ ನೀರು ಇತ್ತಾ ಅಂತ ಕೇಳುತ್ತಾರೆ, ನೀವು ಇದೆಯಾ ಅಂತ ಕೇಳುತ್ತೀರಿ. ನಿಮ್ಮದೇ ಕಷ್ಟದ ಪ್ರಶ್ನೆ. ಹೊಲಕ್ಕೆ ಬರುತ್ತೇನೆ, ಅಕ್ಕಪಕ್ಕದ ಬೋರ್‌ಗಳು ಎಷ್ಟು ಅಡಿಗೆ ಹೋಗಿವೆ ಅಂತ ಮೊದಲು ವಿಚಾರಿಸಿಟ್ಟಿರಿ.